ಆಚೆ ಕರೆಯ ಡೆಬಿಟ್

ನನ್ನ ಗಂಡ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ತುಂಬ ಒಳ್ಳೆ ಮನುಷ್ಯ." ನಾನು ತಲೆಯಾಡಿಸಿದೆ. ಕತಾರಿನ ಅಲ್ ವುಕೈರಿನಲ್ಲಿರುವ ನಮ್ಮ ಪುಟ್ಟ ಫ್ಲಾಟಿನಲ್ಲಿ ಕೂರಲು ಕುರ್ಚಿ ಸಾಲದೆ ಜನ ನಿಂತುಕೊಂಡೇ ಆ ಮಾತು ಹೇಳಿ ಹೋದರು. ಊರಿಗೆ ಶವ ತೆಗೆದುಕೊಂಡು ಹೋದಾಗ ಅಲ್ಲಿಯೂ ಅದನ್ನೇ ಹೇಳಿದರು. ಸುಳ್ಳಲ್ಲ. ಆದರೆ ಒಳ್ಳೆಯವರು ಎಂದರೆ ಹೇಗೆ ಒಳ್ಳೆಯವರು ಎಂದು ಯಾರಾದರೂ ಕೇಳಿದ್ದರೆ ಒಂದು ಸಂಗತಿ ಹೇಳಬೇಕು ಎಂದಿದ್ದೆ. ಯಾರೂ ಕೇಳಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನಾವು ಮನೆಯಲ್ಲಿ ತುಳು ಮಾತಾಡುವವರು. ಬರೆಯಲು ಬರುವುದು ಶಾಲೆಯಲ್ಲಿ ಕಲಿತ ಕನ್ನಡ ಮಾತ್ರ. ಅವರ ಮಾತುಗಳನ್ನೂ ಕನ್ನಡದಲ್ಲೇ ಕೊಡುತ್ತೇನೆ.

ನಾವಿಬ್ಬರೂ ಲೆಕ್ಕ ಬರೆಯುವ ಕೆಲಸದವರು. ಅವರು ದೋಹಾದ ಒಂದು ಗುತ್ತಿಗೆ ಕಂಪನಿಯಲ್ಲಿ ಸೀನಿಯರ್ ಅಕೌಂಟೆಂಟ್. ಆ ಕಂಪನಿಯ ಕೆಲಸಗಾರರು ಅಲ್ ಖೋರಿನ ಕ್ಯಾಂಪಿನಲ್ಲಿದ್ದರು, ದಿನಾ ಬಸ್ಸಿನಲ್ಲಿ ರಾಸ್ ಲಫಾನಿನ ಸೈಟಿಗೆ ಹೋಗಿ ಬರುತ್ತಿದ್ದರು. ನಾನು ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೇಫ್ಟಿ ಶೂ, ಹೆಲ್ಮೆಟ್, ಕವರಾಲ್ ಮಾರುವ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು, ಈಗಲೂ ಅಲ್ಲೇ ಇದ್ದೇನೆ. ಕವರಾಲ್ ಎಂದರೆ ಸೈಟಿನ ಕೆಲಸಗಾರರು ಹಾಕುವ, ಅಂಗಿ ಪ್ಯಾಂಟು ಒಂದೇ ಆಗಿರುವ ಉಡುಪು.

ಬಹಳ ಕಾಲ ಎರಡು ಕಂಪನಿಗಳಿಗೂ ಸಂಬಂಧವಿರಲಿಲ್ಲ. ಒಮ್ಮೆ ನಮ್ಮ ಕಂಪನಿಯವರು ಅವರ ಕಂಪನಿಯ ಆರ್ಡರು ಹಿಡಿದರು. ಸಂಜೆ ಮನೆಯಲ್ಲಿ ನಾನು ಖುಷಿಯಿಂದ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತಿ, "ಹೌದಾ?" ಎಂದು ಮಾತ್ರ ಕೇಳಿದರು. ಮರುದಿನ ತಮ್ಮ ಫೈನಾನ್ಸ್ ಮ್ಯಾನೇಜರಿಗೆ ಪತ್ರ ಬರೆದುಕೊಟ್ಟರಂತೆ. ಈ ಸಪ್ಲೈಯರ್ ಕಂಪನಿಯ ಅಕೌಂಟ್ಸಿನಲ್ಲಿ ನನ್ನ ಹೆಂಡತಿ ಇದ್ದಾಳೆ, ಅವರ ಬಿಲ್ಲುಗಳನ್ನು ನಾನು ನೋಡುವುದಿಲ್ಲ, ನನ್ನ ಕೆಳಗಿನವರು ಹಾಕಿದ್ದಕ್ಕೆ ನೀವೇ ಸಹಿ ಮಾಡಬೇಕು, ಎಂದು. ನನಗೆ ಸ್ವಲ್ಪ ಬೇಸರವಾಗಿತ್ತು.

"ನಾನೇನು ಕಳ್ಳ ಬಿಲ್ಲು ಕೊಡ್ತೇನಾ?"

"ಕೊಡುವುದಿಲ್ಲ ಅಂತ ನನಗೆ ಗೊತ್ತುಂಟು ಮಾರಾಯ್ತಿ. ಬೇರೆಯವರಿಗೆ ಗೊತ್ತಿರಬೇಕಲ್ಲ. ಒಂದೇ ಮನೆಯಿಂದ ಎರಡು ಸಹಿ ಬೇಡ."

ಅಷ್ಟಕ್ಕೆ ಆ ವಿಷಯ ಮುಗಿಯಿತು. ಅಂದಿನಿಂದ ಮನೆಯಲ್ಲಿ ಅವರ ಕಂಪನಿಯ ಹೆಸರೇ ಬರಲಿಲ್ಲ. ಮೀನು ಯಾವುದು ತರುವುದು, ಎಸಿ ಸರ್ವಿಸ್ ಯಾವಾಗ, ಊರಿಗೆ ಟಿಕೆಟ್ ಎಷ್ಟಾಗಿದೆ, ಇಂಥವೇ ನಮ್ಮ ಮಾತು.

ನಮ್ಮ ಕಂಪನಿಯಲ್ಲಿ ಒಬ್ಬ ಸೇಲ್ಸ್‌ಮ್ಯಾನ್ ಇದ್ದ. ಬೆಳ್ತಂಗಡಿ ಕಡೆಯವನು. ಮುಂಬಯಿಯಲ್ಲಿ ಬಹಳ ವರ್ಷ ಬಟ್ಟೆ ಅಂಗಡಿಯಲ್ಲಿ ದುಡಿದು, ನಲವತ್ತು ದಾಟಿದ ಮೇಲೆ ಗಲ್ಫಿಗೆ ಬಂದವನು. ಬಂದು ವರ್ಷವಾಗಿರಲಿಲ್ಲ. ಮಾತುಗಾರ, ಕೆಲಸಗಾರ, ಯಾವುದನ್ನಾದರೂ ಬೇಗ ಕಲಿಯಬೇಕೆಂಬ ಆತುರದವನು. ನಮ್ಮ ಗೋಡೌನಿನ ಪಕ್ಕದ ಬಕಾಲದಲ್ಲಿ, ಅಂದರೆ ಕಿರಾಣಿ ಅಂಗಡಿಯಲ್ಲಿ, ಕೂತ ಕೇರಳದವನ ಹತ್ತಿರ ಅರಬಿ ಅಂಕಿಗಳನ್ನು ಕಲಿತುಕೊಂಡಿದ್ದ. ತಲೆಕೆಳಗಾದ 'ವಿ' ಬಂದರೆ ಎಂಟು, ಸೊನ್ನೆಯ ಹಾಗೆ ಇರುವುದು ಐದು, ಚುಕ್ಕೆ ಇಟ್ಟರೆ ಸೊನ್ನೆ. ಆಕಾರಗಳನ್ನು ಸರಿಯಾಗಿ ಕಲಿತಿದ್ದ. ಕಲಿಸಿದವನು ಒಂದು ಮಾತು ಹೇಳಲು ಮರೆತಿದ್ದ. ಅರಬಿ ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದುತ್ತಾರೆ, ಆದರೆ ಅಂಕಿಗಳನ್ನು ನಮ್ಮ ಹಾಗೆ ಎಡದಿಂದ ಬಲಕ್ಕೇ ಓದಬೇಕು.

ನನ್ನ ಗಂಡನ ಕಂಪನಿಗೆ ನಾಲ್ಕು ನೂರು ಕವರಾಲಿನ ಕೊಟೇಶನ್ ಕೊಟ್ಟಿದ್ದೆವು. ಅಲ್ಲಿಯ ಪರ್ಚೇಸ್ ಮುಖ್ಯಸ್ಥರು ಕತಾರಿನವರು. ಚೌಕಾಸಿ ಮಾಡಿ, ನಮ್ಮ ದರ ಹೊಡೆದು ಹಾಕಿ, ಪಕ್ಕದಲ್ಲಿ ಕೈಯಿಂದ ಅರಬಿ ಅಂಕಿಯಲ್ಲಿ ಎಂಬತ್ತೈದು ಎಂದು ಬರೆದು ಸಹಿ ಹಾಕಿದರು. ಅವರು ಕಳಿಸಿದ ಪರ್ಚೇಸ್ ಆರ್ಡರಿನಲ್ಲಿ ದರ ಇರಲಿಲ್ಲ, 'ಒಪ್ಪಿದ ಕೊಟೇಶನ್ ಪ್ರಕಾರ' ಎಂದಷ್ಟೇ ಇತ್ತು. ನಮ್ಮ ಸೇಲ್ಸ್‌ಮ್ಯಾನ್ ಆ ಅಂಕಿಯನ್ನು ಬಲದಿಂದ ಓದಿದ. ಐವತ್ತೆಂಟು. ಅದೇ ದರ ಹಾಕಿ ಇನ್‌ವಾಯ್ಸ್ ಮಾಡಿಸಿದ. ಆ ವಾರ ನಾನು ಊರಿನಲ್ಲಿದ್ದೆ. ಮಾಲು ಅಲ್ ಖೋರ್ ಕ್ಯಾಂಪಿನ ಸ್ಟೋರಿಗೆ ಹೋಯಿತು, ಸಹಿ ಬಿತ್ತು, ಇನ್‌ವಾಯ್ಸು ಅವರ ಆಫೀಸಿಗೆ ತಲುಪಿ ಅವರ ಲೆಕ್ಕದೊಳಗೂ ಸೇರಿತು.

ನಾನು ವಾಪಸು ಬಂದು ಕಾಗದ ಜೋಡಿಸುವಾಗ ಕೊಟೇಶನ್ ಮತ್ತು ಇನ್‌ವಾಯ್ಸು ಒಂದಕ್ಕೊಂದು ಹೊಂದಲಿಲ್ಲ. ಅಷ್ಟರಲ್ಲಿ ತಿಂಗಳ ಲೆಕ್ಕ ಮುಚ್ಚಿಯಾಗಿತ್ತು. ಅವನನ್ನು ಕರೆದೆ.

"ಇದು ಎಷ್ಟು?"

"ಐವತ್ತೆಂಟು ಅಕ್ಕ."

"ಹೇಗೆ ಓದಿದೆ?"

"ಅರಬಿ ಅಲ್ವಾ ಅಕ್ಕ, ಈ ಕಡೆಯಿಂದ," ಎಂದು ಬಲದಿಂದ ಬೆರಳು ಎಳೆದು ತೋರಿಸಿದ. ನನ್ನ ಮುಖ ನೋಡಿ ಬೆರಳು ಅಲ್ಲೇ ನಿಂತಿತು. "ಅಯ್ಯೋ ದೇವರೇ," ಎಂದ.

ಒಂದೊಂದು ಕವರಾಲಿಗೆ ಇಪ್ಪತ್ತೇಳು ರಿಯಾಲ್ ಕಡಿಮೆ. ನಾಲ್ಕು ನೂರಕ್ಕೆ ಹತ್ತು ಸಾವಿರದ ಎಂಟು ನೂರು. ನಮ್ಮ ಕಂಪನಿಗೆ ಅದು ಸಣ್ಣ ಮೊತ್ತವಲ್ಲ. ಐವತ್ತೆಂಟಕ್ಕೆ ಮಾರಿದರೆ ಅಸಲೂ ಹುಟ್ಟುವುದಿಲ್ಲ.

ನಮ್ಮ ಸಾಹೇಬರು ಉಳ್ಳಾಲದ ಕಡೆಯ ಬ್ಯಾರಿಗಳು, ವಯಸ್ಸಾದವರು, ಮೂವತ್ತು ವರ್ಷಕ್ಕೂ ಮೇಲೆ ಇಲ್ಲಿದ್ದವರು. ಸಿಟ್ಟು ಬಂದರೆ ಕನ್ನಡ ಅರಬಿ ಎರಡೂ ಒಟ್ಟಿಗೆ ಬರುತ್ತಿದ್ದವು.

"ಯಾ ಅಲ್ಲಾ! ಎದುರಿಗೆ ಹೋಗುವ ಪ್ರತಿ ಕಾರಿನ ನಂಬರ್ ಪ್ಲೇಟಿನಲ್ಲಿ ಅರಬಿ ನಂಬ್ರ ಉಂಟು, ಕೆಳಗೆ ಇಂಗ್ಲಿಷ್ ನಂಬ್ರ ಉಂಟು. ಒಂದು ದಿನ ಸಿಗ್ನಲಿನಲ್ಲಿ ನಿಂತು ನೋಡ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ಸಿಗ್ನಲಿನಲ್ಲಿ ನಾನು ಸಿಗ್ನಲ್ ನೋಡ್ತೇನೆ ಸಾಹೇಬ್ರೆ."

"ಬಾಯಿ ಬೇರೆ! ಕೇಳು. ಈ ಪೈಸೆ ಬರುವವರೆಗೆ ನಿನ್ನ ಲೀವಿಗೆ ನಾನು ಸೈನ್ ಹಾಕುವುದಿಲ್ಲ. ಮಾಫಿ ಫುಲೂಸ್, ಮಾಫಿ ಲೀವ್. ಪೈಸೆ ಇಲ್ಲ, ಲೀವ್ ಇಲ್ಲ. ಖಲಾಸ್."

ಅವನ ಮುಖ ಬಿಳಿಚಿತು. ಸಾಹೇಬರಿಗೆ ಆಗ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ ಅವನ ಹೆಂಡತಿ ಗರ್ಭಿಣಿಯಾಗಿದ್ದಳು. ಬಯಕೆಗೆ, ನಮ್ಮ ಕಡೆ ಸೀಮಂತಕ್ಕೆ ಹಾಗೆ ಹೇಳುವುದು, ದಿನ ಗೊತ್ತಾಗಿತ್ತು. ಜೋಯಿಸರು ಒಂದೇ ದಿನ ಕೊಟ್ಟಿದ್ದರು, ಅದು ಬರುವ ತಿಂಗಳ ಮೊದಲ ವಾರದಲ್ಲಿ ಬೀಳುತ್ತಿತ್ತು. ಅದಕ್ಕೇ ಅವನು ರಜೆ ಕೇಳಿದ್ದ. "ಅಕ್ಕ, ನಾನು ಹೋಗದಿದ್ರೆ ಅವಳು ಒಬ್ಬಳೇ ಕೂರ್ಬೇಕಾ ಮಣೆಯಲ್ಲಿ?" ಎಂದು ಆಮೇಲೆ ನನ್ನ ಮೇಜಿನ ಹತ್ತಿರ ನಿಂತು ಕೇಳಿದ. ನಾನು ಸಾಹೇಬರಿಗೆ ವಿಷಯ ಹೇಳಿದೆ. ಅವರು, "ಹಾಗಾದ್ರೆ ಬೇಗ ಪೈಸೆ ತರಿಸು ತಂಗಿ. ಅವನಿಗೂ ಒಳ್ಳೇದು, ನನಗೂ ಒಳ್ಳೇದು," ಎಂದರು. ಮಾತು ಹಿಂದೆ ತೆಗೆದುಕೊಳ್ಳುವ ಜಾತಿಯಲ್ಲ ಅವರದು.

ಹಳೆಯ ಇನ್‌ವಾಯ್ಸನ್ನು ಹರಿದು ಹೊಸದು ಮಾಡುವಂತಿರಲಿಲ್ಲ. ಅದು ಎರಡೂ ಕಡೆಯ ಲೆಕ್ಕದಲ್ಲಿ ಸೇರಿ ತಿಂಗಳೂ ಮುಚ್ಚಿತ್ತು. ಇಂಥದ್ದಕ್ಕೆ ಇರುವ ದಾರಿ ಡೆಬಿಟ್ ನೋಟ್. ಮೊದಲಿನ ಇನ್‌ವಾಯ್ಸಿನಲ್ಲಿ ಕಡಿಮೆ ಬಿದ್ದ ಮೊತ್ತವನ್ನು ನಿಮ್ಮ ಬಾಕಿಗೆ ಸೇರಿಸುತ್ತಿದ್ದೇವೆ ಎಂದು ಮಾರಿದವರು ಕೊಂಡವರಿಗೆ ಬರೆದು ಕೊಡುವ ಕಾಗದ. ನಾನು ಹೊಸ ತಾರೀಕು ಹಾಕಿ ಬರೆದೆ. ಹಳೆಯ ಇನ್‌ವಾಯ್ಸಿನ ನಂಬರು ಮತ್ತು ತಾರೀಕು, ಬಿಲ್ಲು ಮಾಡಿದ ದರ, ಒಪ್ಪಿದ ದರ, ವ್ಯತ್ಯಾಸ, ಕಾರಣ. ಜೊತೆಗೆ ಸಹಿ ಇದ್ದ ಕೊಟೇಶನ್ನಿನ ಮತ್ತು ಸ್ಟೋರಿನವರು ಮಾಲು ಪಡೆದ ಚೀಟಿಯ ಪ್ರತಿ. ನಮ್ಮ ಪುಸ್ತಕದಲ್ಲಿ ಗ್ರಾಹಕರ ಖಾತೆಗೆ ಹತ್ತು ಸಾವಿರದ ಎಂಟು ನೂರು ಡೆಬಿಟ್, ಮಾರಾಟದ ಖಾತೆಗೆ ಅಷ್ಟೇ ಕ್ರೆಡಿಟ್. ಇಪ್ಪತ್ತಮೂರು ಸಾವಿರದ ಇನ್ನೂರು ಇದ್ದ ಅವರ ಬಾಕಿ ನಮ್ಮಲ್ಲಿ ಮೂವತ್ತನಾಲ್ಕು ಸಾವಿರವಾಯಿತು.

ಅದನ್ನು ಕಳಿಸಿದ ಸಂಜೆ ನನಗೆ ತಡೆಯಲಾಗಲಿಲ್ಲ.

"ನಿಮ್ಮ ಆಫೀಸಿಗೆ ನಮ್ಮದೊಂದು ಕಾಗದ ಬರ್ತದೆ."

"ಬರಲಿ."

"ಅದು ಸ್ವಲ್ಪ ಬೇಗ..."

"ಹಪ್ಪಳ ಕರಿದಿದ್ದೀಯಾ?"

"ಒಬ್ಬ ಮನುಷ್ಯನ ಹೆಂಡತಿಯ ಬಯಕೆ ಉಂಟು, ಅವನಿಗೆ..."

"ನೋಡು," ಎಂದರು. ಗದರಿಸಲಿಲ್ಲ. "ನೀನು ಹೇಳಿದ್ದು ನನ್ನ ಕಿವಿಗೆ ಬಿದ್ದರೆ ನಾಳೆ ನಾನು ಆ ಕಾಗದವನ್ನು ಬೇರೆ ಕಾಗದದ ಹಾಗೆ ನೋಡ್ಲಿಕ್ಕೆ ಆಗುವುದಿಲ್ಲ. ನನ್ನ ಕಾಲು ತಾನಾಗಿ ಆ ಮೇಜಿನ ಹತ್ತಿರ ಹೋಗ್ತದೆ. ಬೇಡ."

ನಾನು ಹಪ್ಪಳ ಕರಿಯಲಿಲ್ಲ. ಆ ದಿನ ಅವರ ಮೇಲೆ ನನಗೆ ಬಂದ ಸಿಟ್ಟು ಈಗ ನೆನೆದರೆ ಎಷ್ಟು ಚೆಂದ ಕಾಣುತ್ತದೆ. ಸಿಟ್ಟು ಮಾಡಲು ಎದುರಿಗೆ ಅವರು ಇದ್ದರು.

ಎರಡು ವಾರದ ಮೇಲೆ ಅವರ ಕಂಪನಿಯಿಂದ ಚೆಕ್ಕು ಬಂತು. ಸೇಲ್ಸ್‌ಮ್ಯಾನೇ ಹೋಗಿ ತಂದಿದ್ದ. ಲಕೋಟೆ ಒಡೆಯದೆ, ದೇವರ ಪ್ರಸಾದ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಸಾಹೇಬರ ಮುಂದೆ ಇಟ್ಟ. ಸಾಹೇಬರು ಒಡೆದರು. ಕನ್ನಡಕ ಹಾಕಿ ನೋಡಿದರು. ಕನ್ನಡಕ ತೆಗೆದು ನೋಡಿದರು.

"ತಂಗಿ, ಇದೆಂಥ? ಹನ್ನೆರಡು ಸಾವಿರದ ನಾಲ್ಕು ನೂರು!"

ನಾವು ಹೆಚ್ಚು ಕೇಳಿದರೆ ಮೊದಲಿನ ಬಿಲ್ಲಿನಷ್ಟೂ ಬಂದಿರಲಿಲ್ಲ.

"ಜಾಸ್ತಿ ಕೇಳಿದ್ದಕ್ಕೆ ಶಿಕ್ಷೆಯಾ ಇದು? ಇವರು ನಮ್ಮನ್ನು ಎಂತ ಅಂದುಕೊಂಡಿದ್ದಾರೆ?" ಎಂದು ಎದ್ದು ನಿಂತರು. ಅವರ ಕಣ್ಣು ಸೇಲ್ಸ್‌ಮ್ಯಾನಿನ ಮೇಲೆ ಹೋಯಿತು, ಆಮೇಲೆ ನನ್ನ ಮೇಲೆ ಬಂತು. ನನ್ನ ಗಂಡ ಅಲ್ಲಿದ್ದಾರೆ ಎಂದು ಅವರಿಗೆ ಗೊತ್ತು. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳದಿದ್ದದ್ದು ಅವರ ದೊಡ್ಡತನ. ಆದರೆ ಅವರು ಹೇಳದಿದ್ದುದನ್ನು ನಾನು ಕೇಳಿಸಿಕೊಂಡೆ.

ಸೇಲ್ಸ್‌ಮ್ಯಾನ್ ಗೋಡೆಗೆ ಒರಗಿ ನಿಂತಿದ್ದ. ಬಯಕೆಗೆ ಇನ್ನು ಹತ್ತೋ ಹನ್ನೊಂದೋ ದಿನ ಉಳಿದಿತ್ತು.

ಚೆಕ್ಕಿನ ಜೊತೆ ಒಂದು ಚೀಟಿ ಇತ್ತು. ಇನ್‌ವಾಯ್ಸು ಇಪ್ಪತ್ತಮೂರು ಸಾವಿರದ ಇನ್ನೂರು, ಡೆಬಿಟ್ ನೋಟ್ ಕಳೆದು ಹತ್ತು ಸಾವಿರದ ಎಂಟು ನೂರು. ಕಳೆದು! ನಾನು ಮೂವತ್ತನಾಲ್ಕು ಸಾವಿರದಿಂದ ಬಂದದ್ದನ್ನು ಕಳೆದೆ. ಇಪ್ಪತ್ತೊಂದು ಸಾವಿರದ ಆರು ನೂರು. ಡೆಬಿಟ್ ನೋಟಿನ ಸರಿಯಾಗಿ ಎರಡರಷ್ಟು. ಲೆಕ್ಕದಲ್ಲಿ ವ್ಯತ್ಯಾಸ ಎರಡರಷ್ಟು ಬಂದರೆ ಯಾರೋ ಒಂದು ಮೊತ್ತವನ್ನು ಬಲಕ್ಕೆ ಹಾಕುವ ಬದಲು ಎಡಕ್ಕೆ ಹಾಕಿದ್ದಾರೆ ಎಂದು ಅರ್ಥ. ಹಣ ಕೊಡುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಕೂಡಿಸಬೇಕಾದ್ದನ್ನು ಕಳೆದಿದ್ದರು ಅಷ್ಟೇ.

ಅವರ ಆಫೀಸಿನಲ್ಲಿ ನಮ್ಮ ಬಿಲ್ಲು ನೋಡುವವರು ಕೇರಳದ ಒಬ್ಬ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವಳು. ಫೋನ್ ಮಾಡಿದೆ. ನಾವು ಹಿಂದಿಯಲ್ಲಿ ಮಾತಾಡುವುದು, ಆದರೆ ಅವಳು ನನ್ನನ್ನು ತನ್ನ ಭಾಷೆಯಲ್ಲಿ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಾಳೆ.

"ಚೇಚೀ, ನೀವೇ ಡೆಬಿಟ್ ನೋಟ್ ಕಳಿಸಿದ್ದೀರಿ. ಡೆಬಿಟ್ ನೋಟ್ ಅಂದ್ರೆ ಸಪ್ಲೈಯರಿಗೆ ಡೆಬಿಟ್, ಅಲ್ವಾ?"

"ನೀವು ಕಳಿಸಿದ್ರೆ ಹಾಗೆ. ಇದು ನಾನು ಕಳಿಸಿದ್ದು."

"ಎರಡೂ ಡೆಬಿಟ್ ನೋಟೇ ಅಲ್ವಾ ಚೇಚಿ?"

"ಅದರಲ್ಲಿ ಬರೆದದ್ದು ಓದಿದ್ರಾ? ದರ ಕಡಿಮೆ ಬಿದ್ದಿದೆ ಅಂತ ಉಂಟಲ್ಲ?"

ಕಾಗದ ತಿರುಗಿಸುವ ಸದ್ದು. ಆಮೇಲೆ ಸಣ್ಣ ದನಿಯಲ್ಲಿ, "ಅಯ್ಯೋ ಚೇಚಿ. ನಾನು ಮಾಲು ವಾಪಸು ಕೊಟ್ಟ ಲೆಕ್ಕಕ್ಕೆ ಹಾಕಿದ್ದೇನೆ." ಮತ್ತೆ, "ಸಾರ್ ನಮಗೆ ಕಲಿಸಿದ್ದು ಹಾಗೇ. ಡೆಬಿಟ್ ನೋಟ್ ಬಂತು ಅಂದ್ರೆ ಸಪ್ಲೈಯರನ್ನು ಡೆಬಿಟ್ ಮಾಡಿ ಅಂತ."

ಸಾರ್ ಎಂದರೆ ನನ್ನ ಗಂಡ.

ನನಗೆ ಅರ್ಥವಾಯಿತು. ಅವರ ಕಂಪನಿಯಲ್ಲಿ ದಿನಾ ಓಡಾಡುವ ಡೆಬಿಟ್ ನೋಟುಗಳೆಲ್ಲ ಅವರೇ ಬರೆದವು. ಮಾಲು ಹಾಳಾಗಿ ಬಂತು, ಕಡಿಮೆ ಬಂತು, ವಾಪಸು ಹೋಯಿತು, ಆಗ ಕೊಂಡವರು ಸಪ್ಲೈಯರಿಗೆ ಡೆಬಿಟ್ ನೋಟ್ ಕಳಿಸಿ ತಮ್ಮ ಬಾಕಿ ತಗ್ಗಿಸಿಕೊಳ್ಳುತ್ತಾರೆ. ಮಾರಿದವರೇ ಡೆಬಿಟ್ ನೋಟ್ ಕಳಿಸುವುದು ಅಲ್ಲಿ ಅಪರೂಪ. ಸುಲಭವಾಗಲಿ ಎಂದು ನನ್ನ ಗಂಡ ಹೇಳಿಕೊಟ್ಟ ಒಂದು ಸಾಲಿನ ಪಾಠ ಅಪರೂಪದ ದಿನ ಕೈಕೊಟ್ಟಿತ್ತು.

ಆ ಸಂಜೆ ಮನೆಗೆ ಹೋಗುವಾಗ ನನಗೆ ಒಂದು ಕೆಟ್ಟ ಸಂತೋಷವೂ ಇತ್ತು ಎನ್ನಬೇಕು. ಇವತ್ತು ಹೇಗೆ ಸುಮ್ಮನಿರುತ್ತಾರೆ ನೋಡೋಣ ಎಂದು. ಅವರು ಬಾಗಿಲು ತೆರೆದು ಒಳಗೆ ಬಂದವರೇ ಶೂ ಬಿಚ್ಚುತ್ತ ಹೇಳಿದರು:

"ಇವತ್ತು ಮ್ಯಾನೇಜರ್ ಹತ್ತಿರ ಹೋಗಿದ್ದೆ."

"ಎಂತಕ್ಕೆ?"

"ನನ್ನದೊಂದು ತಪ್ಪು ಇತ್ತು, ಹೇಳಿ ಬಂದೆ. ಅಷ್ಟು ಸಾಕು."

ಉಳಿದದ್ದು ನನಗೆ ಗೊತ್ತಾದದ್ದು ಈಗ, ಅವರು ಹೋದ ಮೇಲೆ. ಸಾಂತ್ವನ ಹೇಳಲು ಬಂದ ಆ ಕೇರಳದ ಹೆಂಗಸೇ ಹೇಳಿದಳು. ನನ್ನ ಫೋನು ಇಟ್ಟ ಮೇಲೆ ಅವಳು ಹೆದರಿ ಅಳುತ್ತ ಕೂತಿದ್ದಳಂತೆ. ತಪ್ಪು ಚೆಕ್ಕು ಹೊರಗೆ ಹೋಗಿದೆ, ವಾರ್ನಿಂಗ್ ಲೆಟರ್ ಗ್ಯಾರಂಟಿ ಎಂದು. ಇವರು ಏನಾಯಿತು ಎಂದು ಕೇಳಿದರು. ಯಾವ ಕಂಪನಿ ಎಂದು ಗೊತ್ತಾದ ಕೂಡಲೇ ಕೈ ಎತ್ತಿ, "ಕಾಗದ ನನಗೆ ತೋರಿಸಬೇಡ, ಮ್ಯಾನೇಜರಿಗೆ ತೋರಿಸು," ಎಂದರು. ಆದರೆ ಅವಳ ಜೊತೆಗೇ ಮ್ಯಾನೇಜರ ಕೋಣೆಗೆ ಹೋದರು. "ಈ ಎಂಟ್ರಿಯ ಬಗ್ಗೆ ನಾನು ಮಾತಾಡುವುದಿಲ್ಲ, ಅದು ನೀವು ನೋಡಬೇಕು. ಆದರೆ ಡೆಬಿಟ್ ನೋಟನ್ನು ಹೀಗೆ ಹಾಕಬೇಕು ಅಂತ ಇವಳಿಗೆ ಕಲಿಸಿದವನು ನಾನು. ಅರ್ಧ ಪಾಠ ಕಲಿಸಿದ್ದೇನೆ. ಲೆಟರ್ ಕೊಡುವುದಿದ್ದರೆ ನನ್ನ ಹೆಸರಿಗೆ ಕೊಡಿ," ಎಂದರಂತೆ. ಮ್ಯಾನೇಜರ್ ಯಾರಿಗೂ ಲೆಟರ್ ಕೊಡಲಿಲ್ಲ. ತಪ್ಪು ಎಂಟ್ರಿಯನ್ನು ಮೊದಲು ತಿರುಗಿಸಿ, ಆಮೇಲೆ ಸರಿಯಾದದ್ದು ಹಾಕಲು ಹೇಳಿದರು. ಕವರಾಲಿನ ಖರ್ಚಿಗೆ ಡೆಬಿಟ್, ನಮ್ಮ ಕಂಪನಿಯ ಖಾತೆಗೆ ಕ್ರೆಡಿಟ್. ಕೊಡಬೇಕಾದದ್ದು ಹೆಚ್ಚಾಗುವುದು ಹಾಗೆ.

ಕೋಣೆಯಿಂದ ಹೊರಗೆ ಬಂದು ಇವರು ತಮ್ಮ ಕೆಳಗಿನ ಎಲ್ಲರನ್ನೂ ಕರೆದು ಕೂರಿಸಿದರಂತೆ.

"ನಮ್ಮ ಊರಿನಲ್ಲಿ ಹೊಳೆ ಉಂಟು," ಎಂದು ಶುರು ಮಾಡಿದರಂತೆ. "ಈ ದಡದವರು ಆ ದಡಕ್ಕೆ ಆಚೆ ಕರೆ ಅಂತಾರೆ. ಆ ದಡದವರು ಈ ದಡಕ್ಕೆ ಆಚೆ ಕರೆ ಅಂತಾರೆ. ಇಬ್ಬರೂ ಸುಳ್ಳು ಹೇಳುವುದಿಲ್ಲ. ಆಚೆ ಕರೆ ಅಂದ ಕೂಡಲೇ ದೋಣಿ ಹತ್ತಬೇಡಿ, ಹೇಳಿದವನು ಎಲ್ಲಿ ನಿಂತಿದ್ದಾನೆ ಅಂತ ನೋಡಿ. ಡೆಬಿಟ್ ನೋಟೂ ಹಾಗೆ. ಬರೆದವನು ತನ್ನ ಪುಸ್ತಕದಲ್ಲಿ ನಮ್ಮನ್ನು ಡೆಬಿಟ್ ಮಾಡಿದ್ದಾನೆ. ನಮ್ಮ ಪುಸ್ತಕದಲ್ಲಿ ಅವನು ಕ್ರೆಡಿಟ್. ನಾನು ಕಲಿಸಿದ್ದು ಈಚೆ ದಡದ್ದು ಮಾತ್ರ."

"ಚೇಚಿ, ನಮ್ಮ ಊರಲ್ಲೂ ಆಚೆ ದಡಕ್ಕೆ 'ಅಕ್ಕರೆ' ಅಂತ ಹಾಗೇ ಹೇಳ್ತಾರೆ," ಎಂದು ಅವಳು ನನ್ನ ಕೈ ಹಿಡಿದು ಅತ್ತಳು. ಅಷ್ಟು ದಿನಗಳಲ್ಲಿ ನನಗೆ ಬೇಕಾಗಿದ್ದ ಸಾಂತ್ವನ ಅದೊಂದೇ.

ಆದರೆ ಆ ಸಂಜೆ ನನಗೆ ಇದೊಂದೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅವರ ಕಂಪನಿಯಲ್ಲಿ ಚೆಕ್ಕು ಬರೆಯುವುದು ತಿಂಗಳಿಗೊಮ್ಮೆ, ಮುಂದಿನ ಚೆಕ್ಕು ಬರುವಷ್ಟರಲ್ಲಿ ಬಯಕೆ ಮುಗಿದಿರುತ್ತದೆ ಎನ್ನುವುದು ಮಾತ್ರ. ಚಹಾ ಕೊಡುವಾಗ ಅದನ್ನೂ ಸಾಹೇಬರು ರಜೆ ತಡೆದದ್ದನ್ನೂ ನೇರ ಹೇಳಿಬಿಟ್ಟೆ.

"ನಿಮ್ಮ ಮ್ಯಾನೇಜರಿಗೆ ಒಂದು ಮಾತು ಹೇಳಿದ್ರೆ ಚೆಕ್ ನಾಳೆಯೇ ಬರ್ತದೆ. ಹೇಳುವುದಿಲ್ಲ ಅಲ್ವಾ ನೀವು?"

"ಇಲ್ಲ."

"ಕಲ್ಲು ನೀವು."

ಅವರು ಚಹಾ ಕುಡಿದರು. ಲೋಟ ಕೆಳಗಿಟ್ಟರು. ಯಾವುದೋ ಮೂರನೆಯವರ ವಿಷಯ ಕೇಳುವ ಹಾಗೆ ಕೇಳಿದರು:

"ಯಾರೋ ಒಬ್ಬ ಮಾಲಕರು ಪೈಸೆ ಬಾರದೆ ಲೀವ್ ಕೊಡುವುದಿಲ್ಲ ಅಂತಾರೆ ಅಂದುಕೋ. ಅವರಿಗೆ ಬೇಕಾದ್ದು ಪೈಸೆಯಾ, ಪೈಸೆ ಬರ್ತದೆ ಅಂತ ಧೈರ್ಯವಾ?"

ನಾನು ಖಾಲಿ ಲೋಟ ಎತ್ತಿಕೊಂಡೆ.

"ಯಾವ ಸಪ್ಲೈಯರ್ ಬೇಕಾದ್ರೂ ತನ್ನ ಸ್ಟೇಟ್‌ಮೆಂಟ್ ಕಳಿಸಿ, ಇಷ್ಟು ಬಾಕಿ ಹೌದು ಅಂತ ಬರೆದು ಕೊಡಿ ಅಂತ ಕೇಳಬಹುದು. ಅದಕ್ಕೆ ಗುರುತು ಪರಿಚಯ ಬೇಡ. ಎಲ್ಲ ಕಂಪನಿಯಲ್ಲೂ ಕೊಡ್ತಾರೆ. ಇದು ಎರಡನೇ ವರ್ಷದ ಬಿಕಾಂ ಪುಸ್ತಕದಲ್ಲಿ ಉಂಟು. ನಾನೇನೂ ಹೇಳ್ಲಿಲ್ಲ."

ಮಾರನೆಯ ಬೆಳಿಗ್ಗೆ ನಾನು ಸ್ಟೇಟ್‌ಮೆಂಟ್ ತಯಾರಿಸಿದೆ. ಇನ್‌ವಾಯ್ಸು, ಡೆಬಿಟ್ ನೋಟು, ಬಂದ ಚೆಕ್ಕು, ಉಳಿದ ಬಾಕಿ ಇಪ್ಪತ್ತೊಂದು ಸಾವಿರದ ಆರು ನೂರು. ಕೆಳಗೆ, ನಿಮ್ಮ ಪುಸ್ತಕದಲ್ಲೂ ಇಷ್ಟೇ ಇದ್ದರೆ ದಯವಿಟ್ಟು ಸಹಿ ಮಾಡಿ ಕಳಿಸಿ ಎಂದು ಬರೆದೆ. ಹೆಂಡತಿಯಾಗಿ ಒಂದು ಅಕ್ಷರ ಸೇರಿಸಲಿಲ್ಲ. ಎರಡು ದಿನದಲ್ಲಿ ಅವರ ಫೈನಾನ್ಸ್ ಮ್ಯಾನೇಜರ ಸಹಿ, ಕಂಪನಿಯ ಮೊಹರು ಎರಡೂ ಬಿದ್ದು ಕಾಗದ ವಾಪಸು ಬಂತು. ಬಾಕಿ ಸರಿ ಇದೆ, ಮುಂದಿನ ಪಾವತಿಯಲ್ಲಿ ಪೂರ್ತಿ ಕೊಡುತ್ತೇವೆ ಎಂದು ಒಂದು ಸಾಲೂ ಇತ್ತು.

ಸಾಹೇಬರು ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಬೇರೆ ಮಾತು," ಎಂದರು. "ನಾನು ಪೈಸೆ ಅಂದದ್ದು ನಿಜ. ಮೊಹರು ಬಂದ್ರೆ ಅರ್ಧ ಪೈಸೆ ಬಂದ ಹಾಗೇ. ಎಲ್ಲಿದ್ದಾನೆ ಆ ಅರಬಿ ಪಂಡಿತ? ಕರೀರಿ."

ಸೇಲ್ಸ್‌ಮ್ಯಾನ್ ಓಡಿ ಬಂದ. ಸಾಹೇಬರು ರಜೆಯ ಕಾಗದಕ್ಕೆ ಸಹಿ ಹಾಕಿ, ತಾರೀಕನ್ನು ಅರಬಿ ಅಂಕಿಯಲ್ಲಿ ಬರೆದರು.

"ಓದು."

ಅವನು ಎಡದಿಂದ ಬೆರಳಿಟ್ಟು ಓದಿದ. ಸರಿ ಇತ್ತು.

"ಯಲ್ಲಾ, ಹೋಗು. ಮಗುವಿಗೆ ನಂಬ್ರ ಮಾತ್ರ ನೀನು ಕಲಿಸಬೇಡ."

ಸಾಹೇಬರು ನನ್ನ ಕೈಯಲ್ಲಿ ಒಂದು ಪೆಟ್ಟಿಗೆ ಒಳ್ಳೆಯ ಖರ್ಜೂರ ಕೊಟ್ಟರು, ಯಜಮಾನರಿಗೆ ಕೊಡು ಎಂದು. ಇವರು ಅದನ್ನು ಮುಟ್ಟಲಿಲ್ಲ. "ನಾಳೆ ವಾಪಸು ಕೊಡು. ಸಿಟ್ಟು ಮಾಡಿದ್ರೆ, ನನಗೆ ಶುಗರ್ ಉಂಟು ಅಂತ ಹೇಳು." ಅವರಿಗೆ ಶುಗರ್ ಇರಲಿಲ್ಲ. ಅವರು ನನಗೆ ಹೇಳಿಕೊಟ್ಟ ಒಂದೇ ಸುಳ್ಳು ಅದು. ಸಾಹೇಬರು ನಂಬಲಿಲ್ಲ, ಸಿಟ್ಟೂ ಮಾಡಲಿಲ್ಲ. ಅದೇ ಪೆಟ್ಟಿಗೆಯನ್ನು ಆಫೀಸಿನಲ್ಲಿ ತೆರೆದು ಎಲ್ಲರಿಗೂ ಹಂಚಿದರು.

ಹೊರಡುವ ಹಿಂದಿನ ದಿನ ಸೇಲ್ಸ್‌ಮ್ಯಾನ್ ನಮ್ಮ ಮನೆಗೆ ಬಂದ. ಊರಿಗೆ ಹೋಗುವವರು ಪರಿಚಯದವರ ಮನೆಗೆ ಹೋಗಿ, ಏನಾದರೂ ಕೊಟ್ಟು ಕಳಿಸುವುದಿದೆಯಾ ಎಂದು ಕೇಳುವುದು ಇಲ್ಲಿಯ ಪದ್ಧತಿ. ಅವನು ಇವರನ್ನು ನೋಡಿದ್ದು ಅದೇ ಮೊದಲು. ಸೋಫಾದ ತುದಿಯಲ್ಲಿ ಕೂತು, ಕೈ ಉಜ್ಜಿಕೊಂಡು ಹೇಳಿದ, "ಅಣ್ಣ, ನೀವು ಮಾಡಿದ ಉಪಕಾರ..."

"ನಾನು ಏನೂ ಮಾಡ್ಲಿಲ್ಲ ಮಾರಾಯ. ನಿಜವಾಗಿ ಏನೂ ಮಾಡ್ಲಿಲ್ಲ. ಬೇಕಾದ್ರೆ ಇವಳನ್ನು ಕೇಳು, ಕಲ್ಲು ಅಂತ ಹೆಸರಿಟ್ಟಿದ್ದಾಳೆ."

"ಆದ್ರೂ ಅಣ್ಣ."

"ಅಕ್ಕ ಕಾಗದ ಸರಿಯಾಗಿ ಬರೆದಳು, ನಿನ್ನ ಸಾಹೇಬ್ರು ಮಾತು ಉಳಿಸಿಕೊಂಡರು. ಅವರಿಗೆ ಹೇಳು. ಎಷ್ಟು ಕಿಲೋ ಉಂಟು ನಿನಗೆ ಲಗೇಜು?"

"ಮೂವತ್ತು ಅಣ್ಣ. ಎರಡು ಕಿಲೋ ನಿಮಗೆ ಅಂತ ಇಟ್ಟಿದ್ದೇನೆ."

"ನಮಗೆ ಬೇಡ. ಆ ಎರಡು ಕಿಲೋ ನಿನ್ನ ಹೆಂಡತಿಗೆ ಏನಾದ್ರೂ ತೆಗೆದುಕೊಂಡು ಹೋಗು. ಅವಳಿಗೆ ಎಂತ ತಿನ್ನಬೇಕು ಅಂತ ಆಸೆ, ಕೇಳಿದ್ಯಾ?"

ಅವನು ನಾಚಿ, "ಕೇಳಿದ್ದೇನೆ ಅಣ್ಣ. ಇಲ್ಲಿಯ ಖುಬೂಸ್ ರೊಟ್ಟಿ ಬೇಕಂತೆ. ನಾನು ದಿನಾ ಫೋನಿನಲ್ಲಿ ಖುಬೂಸ್ ತಿಂದೆ ಅಂತ ಹೇಳಿ ಹೇಳಿ ಅವಳಿಗೆ ಅದರ ಮೇಲೆ ಆಸೆಯಾಗಿದೆ," ಎಂದ. ಇವರು ಜೋರಾಗಿ ನಕ್ಕರು. ಅಷ್ಟು ಜೋರಾಗಿ ನಗುವವರಲ್ಲ ಅವರು. ನಮಗೆ ಮಕ್ಕಳಿರಲಿಲ್ಲ. ಆ ನಗುವಿನಲ್ಲಿ ಬೇರೆ ಏನಾದರೂ ಇತ್ತೇ ಎಂದು ಆಗ ನಾನು ಯೋಚಿಸಲಿಲ್ಲ.

ಬಯಕೆಯ ದಿನ ಶುಕ್ರವಾರ, ಇಬ್ಬರಿಗೂ ರಜೆ. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ನನ್ನ ಫೋನಿಗೆ ಫೋಟೋ ಬಂತು. ಹಸಿರು ಬಳೆ, ತಲೆ ತುಂಬ ಮಲ್ಲಿಗೆ, ಹೊಸ ಸೀರೆ ಉಟ್ಟು ಮಣೆಯ ಮೇಲೆ ಕೂತ ಹೆಂಗಸು. ಪಕ್ಕದಲ್ಲಿ ಪಂಚೆ ಉಟ್ಟು, ಜರಿ ಶಾಲು ಹೊದ್ದು, ಉಸಿರು ಬಿಗಿ ಹಿಡಿದು ಕೂತ ನಮ್ಮ ಸೇಲ್ಸ್‌ಮ್ಯಾನ್. ಮುಂದಿನ ತಟ್ಟೆಯಲ್ಲಿ ಲಾಡು, ಚಕ್ಕುಲಿಗಳ ನಡುವೆ ಒಂದು ಖುಬೂಸ್ ಇತ್ತು.

ನಾನು ಫೋನನ್ನು ಇವರಿಗೆ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು. ಎರಡು ಬೆರಳಿಂದ ದೊಡ್ಡದು ಮಾಡಿ ಅವಳ ಮುಖ ನೋಡಿದರು, ಅವನ ಮುಖ ನೋಡಿದರು, ಖುಬೂಸ್ ನೋಡಿದರು. ನಾನು ತಟ್ಟೆಗಳನ್ನು ಎತ್ತಿ ಒಳಗಿಟ್ಟು ಬಂದರೂ ಫೋನು ಅವರ ಕೈಯಲ್ಲೇ ಇತ್ತು.

"ಶಾಲು ಉಲ್ಟಾ ಹೊದ್ದಿದ್ದಾನೆ," ಎಂದರು. "ಆದ್ರೆ ಇದಕ್ಕೆ ಎಂಟ್ರಿ ತಿರುಗಿಸುವುದು ಬೇಡ."

ಫೋನು ವಾಪಸು ಕೊಡಲಿಲ್ಲ. ಮತ್ತೆ ದೊಡ್ಡದು ಮಾಡಿ ನೋಡುತ್ತ ಕೂತರು.